ಜೋಲ್ಪಿಡೆಮ್ 5 ಮಿ.ಗ್ರಾಂ: ಯಾವಾಗ ನುಂಗಬೇಕು, ನುಂಗಿದ ಮೇಲೆ ಏನು ಮಾಡಬಾರದು

ಪ್ರಶ್ನೆ: ನನ್ನ ಅಮ್ಮನಿಗೆ 68 ವರ್ಷ. ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಇವೆ. ನಿದ್ರೆ ಬಾರದೆ ಒದ್ದಾಡುತ್ತಾರೆಂದು ಉಡುಪಿಯ ಡಾಕ್ಟರು ಜೋಲ್ಪಿಡೆಮ್ 5 ಮಿ.ಗ್ರಾಂ ಮಾತ್ರೆಯನ್ನು ಎರಡು ವಾರಕ್ಕೆ ಬರೆದುಕೊಟ್ಟಿದ್ದಾರೆ. ರಾತ್ರಿ ಎಂಟೂವರೆಗೆ ಊಟವಾದ ಕೂಡಲೇ ಬೇರೆ ಮಾತ್ರೆಗಳ ಜೊತೆ ಅದನ್ನೂ ನುಂಗಿ, ಧಾರಾವಾಹಿ ನೋಡಿ, ಹತ್ತು ಗಂಟೆಗೆ ಮಲಗುತ್ತಾರೆ. ಎರಡು ಗಂಟೆಗೆ ಎಚ್ಚರವಾಗಿ "ಇನ್ನರ್ಧ ಕೊಡು" ಎನ್ನುತ್ತಾರೆ. ಕೊಡಬಹುದೆ? ಈ ಮಾತ್ರೆಯನ್ನು ಸರಿಯಾಗಿ ತೆಗೆದುಕೊಳ್ಳುವುದು ಹೇಗೆ?
— ಬ್ರಹ್ಮಾವರದ ಓದುಗರೊಬ್ಬರು

ಉತ್ತರ: ಕೊಡಬೇಡಿ. ಜೋಲ್ಪಿಡೆಮ್ ಮಾತ್ರೆಯನ್ನು ಒಂದು ರಾತ್ರಿಗೆ ಒಂದೇ ಸಲ ತೆಗೆದುಕೊಳ್ಳಬೇಕು. ನಡುರಾತ್ರಿ ಎಚ್ಚರವಾಯಿತೆಂದು ಇನ್ನೊಂದನ್ನಾಗಲಿ, ಅರ್ಧವನ್ನಾಗಲಿ ಸೇರಿಸುವಂತಿಲ್ಲ. ನಿಮ್ಮ ವಿವರಣೆಯನ್ನು ಓದಿದರೆ ತಾಯಿಯವರಿಗೆ ಮಾತ್ರೆಯ ಪ್ರಮಾಣ ಕಡಿಮೆಯಾಗಿದೆ ಎಂದು ನನಗೆ ಅನಿಸುವುದಿಲ್ಲ. ಅದನ್ನು ನುಂಗುವ ಹೊತ್ತು ತಪ್ಪಿದೆ. ಹೊತ್ತು ಸರಿಪಡಿಸಿದರೆ ಎರಡು ಗಂಟೆಗೆ ಎಚ್ಚರವಾಗುವುದೂ ಬಹುಮಟ್ಟಿಗೆ ಸರಿಹೋಗುವ ಸಾಧ್ಯತೆಯಿದೆ.

ಇದು ಅರ್ಥವಾಗಬೇಕಾದರೆ ಮಾತ್ರೆ ದೇಹದೊಳಗೆ ಹೇಗೆ ಏರಿ ಹೇಗೆ ಇಳಿಯುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕು. ಜೋಲ್ಪಿಡೆಮ್ ಬೇಗ ಏರಿ ಬೇಗ ಇಳಿಯುವ ಔಷಧ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಅರ್ಧ ಗಂಟೆಯೊಳಗೆ ಮಂಪರು ಹತ್ತುತ್ತದೆ, ಸುಮಾರು ಒಂದೂವರೆ ಗಂಟೆಗೆ ರಕ್ತದಲ್ಲಿ ಅದರ ಪ್ರಮಾಣ ಅತ್ಯಂತ ಹೆಚ್ಚಾಗಿರುತ್ತದೆ. ಆಮೇಲೆ ಹೆಚ್ಚುಕಡಿಮೆ ಎರಡೂವರೆ ಗಂಟೆಗೊಮ್ಮೆ ಅದು ಅರ್ಧಕ್ಕೆ ಇಳಿಯುತ್ತ ಹೋಗುತ್ತದೆ. ವಯಸ್ಸಾದವರಲ್ಲಿ ಈ ಇಳಿಕೆ ಸ್ವಲ್ಪ ನಿಧಾನ, ಮೂರು ಗಂಟೆಯೆಂದು ಲೆಕ್ಕ ಹಿಡಿಯಬಹುದು. ಅಲ್ಲದೆ ಅದೇ ಮಾತ್ರೆಯಿಂದ ಅವರ ರಕ್ತದಲ್ಲಿ ಸೇರುವ ಔಷಧದ ಪ್ರಮಾಣವೂ ಎಳೆಯರಿಗಿಂತ ಹೆಚ್ಚು. ಹಿರಿಯರಿಗೆ 10 ಮಿ.ಗ್ರಾಂ ಬದಲು 5 ಮಿ.ಗ್ರಾಂ ಬರೆಯುವುದು ಈ ಕಾರಣಕ್ಕೇ ಹೊರತು ಡಾಕ್ಟರು ಕೈ ಬಿಗಿ ಹಿಡಿದದ್ದರಿಂದ ಅಲ್ಲ.

ಈಗ ನಿಮ್ಮ ಮನೆಯ ರಾತ್ರಿಯನ್ನು ಈ ಲೆಕ್ಕಕ್ಕೆ ಹೊಂದಿಸಿ ನೋಡೋಣ. ತಾಯಿಯವರು ಎಂಟೂವರೆಗೆ ಕುಚ್ಚಲಕ್ಕಿ ಅನ್ನ, ಸಾರು, ಪಲ್ಯ ಉಂಡು ಅದರ ಮೇಲೆಯೇ ಮಾತ್ರೆ ನುಂಗುತ್ತಾರೆ. ತುಂಬಿದ ಹೊಟ್ಟೆಯಲ್ಲಿ ಜೋಲ್ಪಿಡೆಮ್ ತಡವಾಗಿ ರಕ್ತಕ್ಕೆ ಸೇರುತ್ತದೆ, ಸೇರುವ ಪ್ರಮಾಣವೂ ಸ್ವಲ್ಪ ಕಡಿಮೆಯಾಗುತ್ತದೆ. ಹೀಗಾಗಿ ಅದು ತನ್ನ ಎತ್ತರವನ್ನು ತಲುಪುವುದು ಹತ್ತೂವರೆ, ಹತ್ತೂ ಮುಕ್ಕಾಲರ ಸುಮಾರಿಗೆ. ಆದರೆ ಮಂಪರು ಅದಕ್ಕೆ ಮೊದಲೇ, ಅಂದರೆ ಅವರು ಧಾರಾವಾಹಿ ನೋಡಿ, ಎದ್ದು, ಪಾತ್ರೆ ಒಳಗಿಟ್ಟು, ಬಾಗಿಲು ಹಾಕಿ, ಬಚ್ಚಲಿಗೆ ಹೋಗಿಬರುವ ಹೊತ್ತಿನಲ್ಲೇ ಶುರುವಾಗಿರುತ್ತದೆ. ಬಿದ್ದು ಪೆಟ್ಟಾಗುವ ಅಪಾಯ ಇಲ್ಲಿ ಒಂದು. ಇನ್ನೊಂದು ಕಡೆ, ಹತ್ತೂ ಮುಕ್ಕಾಲಿಗೆ ಎತ್ತರದಲ್ಲಿದ್ದ ಔಷಧ ಮೂರು ಗಂಟೆಯಲ್ಲಿ, ಅಂದರೆ ಒಂದೂ ಮುಕ್ಕಾಲರ ಹೊತ್ತಿಗೆ, ಅರ್ಧಕ್ಕೆ ಬಂದಿರುತ್ತದೆ. ಎರಡು ಗಂಟೆಗೆ ಎಚ್ಚರವಾಗುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಅವರನ್ನು ನಿದ್ರೆಯಲ್ಲಿ ಹಿಡಿದಿಡಬೇಕಾದ ಔಷಧದ ಒಂದು ಪಾಲು ಧಾರಾವಾಹಿಯ ಹೊತ್ತಿನಲ್ಲೇ ವ್ಯರ್ಥವಾಗಿದೆ.

ಎರಡು ಗಂಟೆಗೆ ನೀವು ಇನ್ನರ್ಧ ಕೊಟ್ಟರೆ ಏನಾಗುತ್ತದೆ? ಆ ಅರ್ಧ ಮಾತ್ರೆ ಮೂರೂವರೆಗೆ ತನ್ನ ಎತ್ತರಕ್ಕೆ ಬರುತ್ತದೆ. ಆಗ ಮೊದಲ ಮಾತ್ರೆಯ ಮೂರನೆಯ ಒಂದು ಭಾಗದಷ್ಟು ಇನ್ನೂ ರಕ್ತದಲ್ಲಿರುತ್ತದೆ. ಎರಡೂ ಕೂಡಿದರೆ ಮೂರೂವರೆಗೆ ಅವರ ಸ್ಥಿತಿ ಆಗಷ್ಟೇ ಮಾತ್ರೆ ಹತ್ತಿದವರಂತೆ ಇರುತ್ತದೆ. ಬೆಳಿಗ್ಗೆ ಆರೂವರೆಗೆ, ಎದ್ದು ಅಂಗಳಕ್ಕೆ ಇಳಿಯುವ ಹೊತ್ತಿಗೆ, ಮೊದಲು ಎರಡು ಗಂಟೆ ರಾತ್ರಿಯಲ್ಲಿ ಇದ್ದಷ್ಟೇ ಔಷಧ ಮತ್ತೆ ಉಳಿದಿರುತ್ತದೆ. ಇದು ಅಂದಾಜಿನ ಲೆಕ್ಕ, ಒಬ್ಬೊಬ್ಬರ ಪಿತ್ತಜನಕಾಂಗದ ಕೆಲಸದ ಮೇಲೆ ಇದು ಹೆಚ್ಚುಕಡಿಮೆಯಾಗುತ್ತದೆ. ಆದರೆ ಹೆಚ್ಚುಕಡಿಮೆಯಾಗುವುದು ವಯಸ್ಸಾದವರಲ್ಲಿ ಸಾಮಾನ್ಯವಾಗಿ ಹೆಚ್ಚಿನ ಕಡೆಗೇ. ನಡುರಾತ್ರಿಯ ಎಚ್ಚರಕ್ಕೆಂದೇ ತೀರಾ ಕಡಿಮೆ ಪ್ರಮಾಣದ, ನಾಲಿಗೆಯಡಿ ಇಡುವ ಜೋಲ್ಪಿಡೆಮ್ ಕೆಲವು ದೇಶಗಳಲ್ಲಿ ಇದೆ. ಅದು ಬೇರೆಯೇ ತಯಾರಿಕೆ. ನಿಮ್ಮಲ್ಲಿರುವ ಮಾತ್ರೆಯನ್ನು ತುಂಡು ಮಾಡಿ ಅದರ ಹಾಗೆ ಬಳಸಲು ಬರುವುದಿಲ್ಲ.

ಹಾಗಾದರೆ ಸರಿಯಾದ ಕ್ರಮ ಯಾವುದು? ಊಟ ಎಂಟಕ್ಕೋ ಎಂಟೂವರೆಗೋ ಆಗಲಿ. ಊಟದ ಜೊತೆಗಿನ ಸಕ್ಕರೆ, ಬಿ.ಪಿ. ಮಾತ್ರೆಗಳನ್ನು ಡಾಕ್ಟರು ಹೇಳಿದ ಹಾಗೆಯೇ ಆಗಲೇ ತೆಗೆದುಕೊಳ್ಳಲಿ. ನಿದ್ರೆ ಮಾತ್ರೆಯನ್ನು ಮಾತ್ರ ಆ ಡಬ್ಬಿಯಿಂದ ಬೇರೆ ಮಾಡಿ ಇಡಿ. ತಾಯಿಯವರು ಕೊನೆಯ ಕೆಲಸವನ್ನೂ ಮುಗಿಸಿ, ಹಲ್ಲುಜ್ಜಿ, ಮೂತ್ರ ಮಾಡಿ ಬಂದು, ಹಾಸಿಗೆಯಲ್ಲಿ ಕುಳಿತ ಮೇಲೆ, ಹತ್ತೂಕಾಲರ ಹೊತ್ತಿಗೆ ಒಂದು ಲೋಟ ನೀರಿನಲ್ಲಿ ನುಂಗಿ ಕೂಡಲೇ ದೀಪ ಆರಿಸಿ ಮಲಗಬೇಕು. ಹೀಗೆ ನುಂಗಿದ ಮಾತ್ರೆ ಹನ್ನೊಂದೂ ಮುಕ್ಕಾಲಿಗೆ ಎತ್ತರ ತಲುಪಿ, ಮುಂಜಾವ ಎರಡೂ ಮುಕ್ಕಾಲಿಗೆ ಅರ್ಧವಾಗಿ, ಐದೂ ಮುಕ್ಕಾಲಿಗೆ ಕಾಲು ಭಾಗಕ್ಕೆ ಇಳಿದಿರುತ್ತದೆ. ಆರೂಕಾಲಿಗೆ ಎದ್ದರೆ ಹಾಸಿಗೆಯಲ್ಲಿ ಎಂಟು ಗಂಟೆ ಕಳೆದಿರುತ್ತಾರೆ. ಮುಂದೆ ಏಳರಿಂದ ಎಂಟು ಗಂಟೆ ನಿದ್ರೆಗೆ ಸಮಯ ಇದೆಯೇ ಎಂಬುದು ಮಾತ್ರೆಗೆ ಕೈ ಹಾಕುವ ಮುನ್ನ ಪ್ರತಿ ರಾತ್ರಿ ಕೇಳಿಕೊಳ್ಳಬೇಕಾದ ಪ್ರಶ್ನೆ. ಇಲ್ಲವೆಂದಾದರೆ ಆ ರಾತ್ರಿ ಮಾತ್ರೆ ಬೇಡ.

ನಮ್ಮ ಕಡೆ ಈ ಪ್ರಶ್ನೆಗೆ "ಇಲ್ಲ" ಎಂಬ ಉತ್ತರ ಬರುವ ರಾತ್ರಿಗಳು ಕಡಿಮೆಯೇನಲ್ಲ. ಊರಿನ ನೇಮಕ್ಕೆ ಹೋಗಿ ಮೂರು ಗಂಟೆಗೆ ಬಂದವರು, ಬೆಳಗಿನವರೆಗಿನ ಆಟ ನೋಡಲಾಗದೆ ನಡುವೆ ಎದ್ದು ಬಂದವರು "ಇನ್ನು ನಾಲ್ಕು ಗಂಟೆಯಾದರೂ ಒಳ್ಳೆಯ ನಿದ್ರೆ ಬರಲಿ" ಎಂದು ಮಾತ್ರೆ ನುಂಗುವುದನ್ನು ನಾನು ಬಲ್ಲೆ. ಅವರಿಗೆ ಬೆಳಿಗ್ಗೆ ಏಳಕ್ಕೆ ಕಣ್ಣು ತೆರೆದಿರುತ್ತದೆ, ಕೈಕಾಲು ಮಾತ್ರ ಎದ್ದಿರುವುದಿಲ್ಲ. ಕಾಲಮಿತಿಯ ಆಟ ಮುಗಿಸಿ ಹನ್ನೆರಡಕ್ಕೆ ಮನೆ ಸೇರಿದವರೂ ಮರುದಿನ ಆರಕ್ಕೆ ಏಳಲೇಬೇಕಿದ್ದರೆ ಆ ರಾತ್ರಿ ಬಿಡುವುದೇ ಒಳ್ಳೆಯದು. ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ ಇದನ್ನು ನುಂಗುವ ರೂಢಿಯಂತೂ ಬಿಡಲೇಬೇಕಾದದ್ದು. ಶಿರಾಡಿ ಘಾಟಿಯ ತಿರುವುಗಳಲ್ಲಿ ಮೇಲಿನ ಸ್ಲೀಪರ್ ಬರ್ತ್‌ನಿಂದ ಅರೆನಿದ್ರೆಯಲ್ಲಿ ಇಳಿಯುವುದು, ನಡುವೆ ನಿಲ್ಲಿಸಿದಾಗ ಕತ್ತಲಲ್ಲಿ ರಸ್ತೆ ಬದಿಗೆ ಹೋಗುವುದು, ಐದು ಗಂಟೆಗೇ ಚೀಲ ಹೊತ್ತು ಇಳಿಯಬೇಕಾಗುವುದು, ಇವೆಲ್ಲ ಜೋಲ್ಪಿಡೆಮ್ ರಕ್ತದಲ್ಲಿರುವಾಗ ಮಾಡಬಾರದ ಕೆಲಸಗಳೇ. ಒಂದು ರಾತ್ರಿ ಮಾತ್ರೆ ತಪ್ಪಿದರೆ ಕೆಡುಕೇನೂ ಆಗುವುದಿಲ್ಲ, ಮರುದಿನ ಅದನ್ನು ಸೇರಿಸಿ ಎರಡು ನುಂಗುವ ಅಗತ್ಯವೂ ಇಲ್ಲ. ಹದಿನೈದು ದಿನಕ್ಕಿಂತ ಕಡಿಮೆ ಕಾಲ ತೆಗೆದುಕೊಳ್ಳುತ್ತಿರುವವರಿಗೆ ನಾನು ಹೇಳುವುದು, ನಿದ್ರೆ ತಾನಾಗಿ ಬರುವ ಲಕ್ಷಣ ಕಂಡ ರಾತ್ರಿ ಮಾತ್ರೆಯನ್ನು ಸ್ಟ್ರಿಪ್‌ನಲ್ಲೇ ಬಿಡಿ ಎಂದು.

ಮಾತ್ರೆ ನುಂಗಿ ದೀಪ ಆರಿಸಿದ ಮೇಲೆ ಮುಂದಿನ ಅಪಾಯ ಇರುವುದು ಹಾಸಿಗೆಯಿಂದ ಬಚ್ಚಲಿನವರೆಗಿನ ದಾರಿಯಲ್ಲಿ. ಸಕ್ಕರೆ ಕಾಯಿಲೆಯವರು ರಾತ್ರಿ ಒಂದೆರಡು ಸಲ ಮೂತ್ರಕ್ಕೆ ಏಳುವುದು ಸಾಮಾನ್ಯ. ಜೋಲ್ಪಿಡೆಮ್ ಸಮತೋಲವನ್ನು ತಪ್ಪಿಸುತ್ತದೆ, ಎದ್ದವರಿಗೆ ತಾವು ಪೂರ್ತಿ ಎಚ್ಚರವಾಗಿದ್ದೇವೆ ಎಂಬ ಸುಳ್ಳು ಧೈರ್ಯವನ್ನೂ ಕೊಡುತ್ತದೆ. ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಿಗೆ ಥಟ್ಟನೆ ಎದ್ದು ನಿಂತಾಗ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಬರುವುದೂ ಉಂಟು. ಇದಕ್ಕೆ ನಮ್ಮ ಹಳೆಯ ಮನೆಗಳ ಎತ್ತರದ ಹೊಸ್ತಿಲು, ನಯವಾದ ಕಾವಿ ನೆಲ, ಮಳೆಗಾಲದಲ್ಲಿ ಹಾವಸೆ ಹಿಡಿದ ಹಿತ್ತಲ ಮೆಟ್ಟಿಲು, ಹೊರಗಿರುವ ಬಚ್ಚಲು ಮತ್ತು ಹೊತ್ತುಗೊತ್ತಿಲ್ಲದೆ ಹೋಗುವ ಕರೆಂಟು ಸೇರಿದರೆ ತೊಡೆಯ ಮೂಳೆ ಮುರಿಯಲು ಬೇರೇನೂ ಬೇಡ. ಆದ್ದರಿಂದ ಈ ಎರಡು ವಾರ ತಾಯಿಯವರು ನೆಲ ಅಂತಸ್ತಿನ ಕೋಣೆಯಲ್ಲಿ, ಬಚ್ಚಲಿಗೆ ಹತ್ತಿರ ಮಲಗಲಿ. ಬಚ್ಚಲು ಹೊರಗಿದ್ದರೆ ರಾತ್ರಿಗೆ ಹಾಸಿಗೆಯ ಪಕ್ಕ ಕಮೋಡ್ ಕುರ್ಚಿ ಇಡುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಬ್ಯಾಟರಿಯಲ್ಲಿ ಉರಿಯುವ ಸಣ್ಣ ದೀಪವೊಂದು ದಾರಿಯಲ್ಲಿ ಇರಲಿ. ಎಚ್ಚರವಾದಾಗ ಮೊದಲು ಒಂದೆರಡು ನಿಮಿಷ ಹಾಸಿಗೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತು, ಆಮೇಲೆ ಯಾರನ್ನಾದರೂ ಕರೆದು ಎದ್ದು ನಿಲ್ಲಲಿ. ಮೊದಲ ಕೆಲವು ರಾತ್ರಿ ನೀವು ಅದೇ ಕೋಣೆಯಲ್ಲಿ ಮಲಗುವುದು ಉತ್ತಮ.

ಬಿ.ಪಿ.ಗೆ ಕೊಟ್ಟ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಅಂಶ ಇದೆಯೇ ಎಂದು ಡಾಕ್ಟರನ್ನು ಕೇಳಿ. ಇದ್ದು, ಅದನ್ನು ರಾತ್ರಿ ಕೊಡುತ್ತಿದ್ದರೆ ಎರಡು ಗಂಟೆಗೆ ಎಚ್ಚರವಾಗಲು ಅದೇ ಇನ್ನೊಂದು ಕಾರಣವಾಗಿರಬಹುದು. ಬೆಳಿಗ್ಗೆಗೆ ಬದಲಿಸಬಹುದೇ ಎಂಬುದನ್ನು ಅವರೇ ಹೇಳಬೇಕು, ನೀವಾಗಿ ಬದಲಿಸಬೇಡಿ. ಹಾಗೆಯೇ ಎರಡು ಗಂಟೆಗೆ ಎದ್ದಾಗ ಬೆವರು, ನಡುಕ, ಎದೆ ಹೊಡೆದುಕೊಳ್ಳುವುದು, ವಿಪರೀತ ಹಸಿವು ಇದ್ದರೆ ಗ್ಲೂಕೋಮೀಟರ್‌ನಲ್ಲಿ ಒಮ್ಮೆ ಸಕ್ಕರೆ ನೋಡಿ. 70ಕ್ಕಿಂತ ಕೆಳಗಿದ್ದರೆ ಅದು ನಿದ್ರೆಯ ತೊಂದರೆಯಲ್ಲ, ಸಕ್ಕರೆ ಇಳಿದದ್ದು. ಚೆನ್ನಾಗಿ ಎಚ್ಚರವಿದ್ದು ನುಂಗಲು ಆಗುವುದಾದರೆ ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ, ಬೆಳಿಗ್ಗೆ ಡಾಕ್ಟರಿಗೆ ತಿಳಿಸಿ. ನಿದ್ರೆ ಮಾತ್ರೆಯ ಮಂಪರಿನಲ್ಲಿ ಸಕ್ಕರೆ ಇಳಿದದ್ದು ರೋಗಿಗೇ ಗೊತ್ತಾಗದೆ ಹೋಗಬಹುದಾದ್ದರಿಂದ ಇನ್ಸುಲಿನ್ ತೆಗೆದುಕೊಳ್ಳುವವರ ಮನೆಯವರು ಈ ವಿಷಯದಲ್ಲಿ ಹೆಚ್ಚು ಜಾಗರೂಕರಾಗಿರಬೇಕು.

ಇನ್ನು ಇದರ ಜೊತೆ ಏನನ್ನು ಸೇರಿಸಬಾರದು ಎಂಬ ವಿಚಾರ. ಮದ್ಯ ಕೂಡದು ಎಂಬುದು ಎಲ್ಲರಿಗೂ ಗೊತ್ತು. ಮಾತ್ರೆಯ ದಿನ ಸಂಜೆ ಕಳ್ಳು, ಬಿಯರ್, ಏನೇ ಕುಡಿದಿದ್ದರೂ ಆ ರಾತ್ರಿ ಮಾತ್ರೆ ನುಂಗುವಂತಿಲ್ಲ, ಏಕೆಂದರೆ ಎರಡೂ ಸೇರಿ ಉಸಿರಾಟವನ್ನೇ ಮಂದಗೊಳಿಸಬಹುದು. "ನಮ್ಮ ಅಮ್ಮ ಕುಡಿಯುವುದಿಲ್ಲವಲ್ಲ" ಎಂದು ನೀವು ಇದನ್ನು ಓದಿ ಮುಂದೆ ಹೋಗುವ ಮೊದಲು ಕಪಾಟನ್ನೊಮ್ಮೆ ನೋಡಿ. ಅಶ್ವಗಂಧಾರಿಷ್ಟ, ದಶಮೂಲಾರಿಷ್ಟದಂಥ ಅರಿಷ್ಟ, ಆಸವಗಳಲ್ಲಿ ಹುದುಗುವಿಕೆಯಿಂದ ಹುಟ್ಟಿದ ಮದ್ಯಸಾರ ಇದ್ದೇ ಇರುತ್ತದೆ, ಶೀಸೆಯ ಲೇಬಲ್ ಮೇಲೆ ಅದನ್ನು ಬರೆದೂ ಇರುತ್ತಾರೆ. ರಾತ್ರಿ ಊಟದ ಮೇಲೆ ಎರಡು ಮುಚ್ಚಳ ಅರಿಷ್ಟ ಕುಡಿಯುವ ಅಭ್ಯಾಸವಿದ್ದರೆ ಈ ಎರಡು ವಾರ ಅದನ್ನು ನಿಲ್ಲಿಸಿ, ವೈದ್ಯರಿಗೂ ತಿಳಿಸಿ.

ಮದ್ಯಕ್ಕಿಂತ ಹೆಚ್ಚಾಗಿ ನಮ್ಮ ಹಿರಿಯರಿಗೆ ತೊಂದರೆ ತರುವುದು ಬೇರೆ ಬೇರೆ ಡಾಕ್ಟರು ಬೇರೆ ಬೇರೆ ಕಾರಣಕ್ಕೆ ಕೊಟ್ಟ ಮಂಪರಿನ ಮಾತ್ರೆಗಳು ಒಂದೇ ರಾತ್ರಿ ಒಂದೇ ಹೊಟ್ಟೆ ಸೇರುವುದು. ನಿಮ್ಮ ತಾಯಿಯವರ ವಯಸ್ಸಿನ, ಅವರಂತೆಯೇ ಸಕ್ಕರೆ ಕಾಯಿಲೆ ಇರುವ ಒಬ್ಬ ಮಹಿಳೆಯನ್ನು ಕಲ್ಪಿಸಿಕೊಳ್ಳಿ. ಅಂಗಾಲು ಉರಿಗೆ ಅವರಿಗೆ ರಾತ್ರಿ ಪ್ರೆಗಾಬಾಲಿನ್ ಇದೆ. ಮೊಣಕಾಲು ನೋವಿಗೆ ಮೂಳೆ ಡಾಕ್ಟರು ಕೊಟ್ಟ ಮಾತ್ರೆಯಲ್ಲಿ ಟ್ರಮಡಾಲ್ ಇದೆ. ಮಳೆಗಾಲದ ಬೂಷ್ಟಿಗೆ ಸೀನು ಬಂದಾಗಲೆಲ್ಲ ಮನೆಯಲ್ಲಿದ್ದ ಸೆಟಿರಿಜಿನ್ ಒಂದನ್ನು ತಾವೇ ನುಂಗುತ್ತಾರೆ. ಅದರ ಮೇಲೆ ಜೋಲ್ಪಿಡೆಮ್ ಬಂದಿದೆ. ಒಂದೊಂದೂ ತನ್ನ ಪಾಡಿಗೆ ಸರಿಯಾದ ಔಷಧವೇ, ಆದರೆ ನಾಲ್ಕೂ ಮೆದುಳನ್ನು ಒಂದೇ ದಿಕ್ಕಿಗೆ, ಅಂದರೆ ಮಂಪರಿನ ಕಡೆಗೆ, ಎಳೆಯುತ್ತವೆ. ಅವುಗಳಲ್ಲಿ ಟ್ರಮಡಾಲ್, ಕೋಡೀನ್ ಇರುವ ಕೆಮ್ಮಿನ ಸಿರಪ್ಪು, ಆಲ್ಪ್ರಜೋಲಮ್ ಅಥವಾ ಕ್ಲೋನಜೆಪಾಮ್‌ನಂಥ ಆತಂಕದ ಮಾತ್ರೆ ಇದ್ದರೆ ಉಸಿರಾಟ ಕುಗ್ಗುವ ಭಯವೂ ಸೇರಿಕೊಳ್ಳುತ್ತದೆ. ಹೀಗಾಗಿ ನೀವು ಮಾಡಬೇಕಾದ್ದು ಬಹಳ ಸರಳ. ಮನೆಯಲ್ಲಿ ತಾಯಿಯವರು ನುಂಗುವ ಎಲ್ಲ ಸ್ಟ್ರಿಪ್, ಶೀಸೆ, ಅರಿಷ್ಟ, ಚೂರ್ಣಗಳನ್ನು ಒಂದು ಚೀಲಕ್ಕೆ ಹಾಕಿ ಆ ಚೀಲವನ್ನೇ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಹೆಸರು ನೆನಪಿಟ್ಟು ಹೇಳುವುದಕ್ಕಿಂತ ಇದು ಎಷ್ಟೋ ವಾಸಿ. ಚರ್ಮದ ಶಿಲೀಂಧ್ರ ಸೋಂಕಿಗೆ ನುಂಗುವ ಕೀಟೋಕೊನಜೋಲ್ ಜೋಲ್ಪಿಡೆಮ್ ಅನ್ನು ರಕ್ತದಲ್ಲಿ ಹೆಚ್ಚಿಸುತ್ತದೆ, ಕ್ಷಯದ ಚಿಕಿತ್ಸೆಯ ರಿಫಾಂಪಿಸಿನ್ ಅದನ್ನು ಬಹಳ ಇಳಿಸುತ್ತದೆ. ಈ ಚಿಕಿತ್ಸೆಗಳು ನಡೆಯುತ್ತಿದ್ದರೆ ಅದನ್ನೂ ಹೇಳಿ.

ಕೆಲವರಿಗೆ ಈ ಮಾತ್ರೆಯನ್ನು ಬರೆಯುವ ಮುನ್ನವೇ ಡಾಕ್ಟರು ಎರಡು ಸಲ ಯೋಚಿಸುತ್ತಾರೆ. ಜೋರಾಗಿ ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ನಿಂತಂತಾಗಿ ಹಠಾತ್ತನೆ ಎಳೆದುಕೊಳ್ಳುವವರು, ಪಿತ್ತಜನಕಾಂಗದ ಕಾಯಿಲೆ ಇರುವವರು, ಮೊದಲು ನಿದ್ರೆಯಲ್ಲಿ ನಡೆದ ಅಭ್ಯಾಸವಿದ್ದವರು ಇವರು. ತಾಯಿಯವರ ಗೊರಕೆ ಹೇಗಿದೆ ಎಂಬುದನ್ನು ಅವರ ಪಕ್ಕ ಮಲಗುವವರೇ ಹೇಳಬಲ್ಲರು, ಅವರಿಗೇ ಗೊತ್ತಿರುವುದಿಲ್ಲ.

ನಿದ್ರೆಯಲ್ಲಿ ನಡೆಯುವ ವಿಷಯ ಬಂದದ್ದರಿಂದ ಅದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮನೆಯವರು ಇದನ್ನು ಹೆಚ್ಚಾಗಿ ಮರೆವು ಎಂದೋ ವಯಸ್ಸಿನ ದೋಷ ಎಂದೋ ತಳ್ಳಿಹಾಕುತ್ತಾರೆ. ಜೋಲ್ಪಿಡೆಮ್ ತೆಗೆದುಕೊಂಡ ಕೆಲವರು ಪೂರ್ತಿ ಎಚ್ಚರವಿಲ್ಲದೆ ಹಾಸಿಗೆಯಿಂದ ಎದ್ದು ನಡೆದಾಡುತ್ತಾರೆ, ಅಡುಗೆಮನೆಗೆ ಹೋಗಿ ತಿನ್ನುತ್ತಾರೆ, ಒಲೆ ಹಚ್ಚುತ್ತಾರೆ, ಫೋನು ಮಾಡಿ ಮಾತಾಡುತ್ತಾರೆ, ಗಾಡಿಯನ್ನೂ ಓಡಿಸಿದವರಿದ್ದಾರೆ. ಬೆಳಿಗ್ಗೆ ಅವರಿಗೆ ಇದರ ನೆನಪೇ ಇರುವುದಿಲ್ಲ. ಇದು ಅಪರೂಪ, ಆದರೆ ಮೊದಲನೆಯ ಮಾತ್ರೆಯಲ್ಲೇ, ಸರಿಯಾದ ಪ್ರಮಾಣದಲ್ಲೇ ಆಗಬಹುದು. ಇದರಿಂದ ಜೀವಹಾನಿಯೂ ಆಗಿರುವುದರಿಂದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2019ರಲ್ಲಿ ಈ ಮಾತ್ರೆಯ ವಿವರಪತ್ರದಲ್ಲಿ ಅತ್ಯಂತ ಗಂಭೀರ ದರ್ಜೆಯ ಎಚ್ಚರಿಕೆಯನ್ನು ಸೇರಿಸಿತು. ನೀವು ನೋಡಬೇಕಾದ ಗುರುತುಗಳು ಸಣ್ಣವು: ಬೆಳಿಗ್ಗೆ ಅಡುಗೆಮನೆಯಲ್ಲಿ ಯಾರೂ ಬಳಸದ ತಟ್ಟೆ, ತೆರೆದಿಟ್ಟ ಡಬ್ಬಿ, ಫೋನಿನಲ್ಲಿ ನಡುರಾತ್ರಿ ಹೋದ ಕರೆ, ಚಿಲಕ ತೆಗೆದ ಹಿಂಬಾಗಿಲು, ಎಲ್ಲಿ ತಗಲಿತೆಂದು ಗೊತ್ತಿಲ್ಲದ ಗಾಯ. ಇಂಥದ್ದು ಒಂದೇ ಒಂದು ಸಲ ಕಂಡರೂ ಆ ದಿನದಿಂದಲೇ ಮಾತ್ರೆ ಕೊಡಬೇಡಿ, ಡಾಕ್ಟರಿಗೆ ತಿಳಿಸಿ. ಪ್ರಮಾಣ ಇಳಿಸಿ ಮುಂದುವರಿಸುವ ಪ್ರಶ್ನೆ ಇಲ್ಲಿಲ್ಲ, ಆ ವ್ಯಕ್ತಿ ಮುಂದೆಂದೂ ಜೋಲ್ಪಿಡೆಮ್ ತೆಗೆದುಕೊಳ್ಳಬಾರದು.

ಮುಂಜಾಗ್ರತೆಯಾಗಿ ರಾತ್ರಿ ಗ್ಯಾಸಿನ ರೆಗ್ಯುಲೇಟರ್ ಬಂದ್ ಮಾಡಿ, ಸ್ಕೂಟರಿನ ಕೀಲಿಯನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಅಂಗಳದಲ್ಲಿ ಬಾವಿಯಿದ್ದು ಕಟ್ಟೆ ತಗ್ಗಾಗಿದ್ದರೆ ಮೇಲೆ ಬಲೆಯೋ ಮುಚ್ಚಳವೋ ಹಾಕಿಸಿ, ಅಂಗಳಕ್ಕೆ ತೆರೆಯುವ ಬಾಗಿಲಿನ ಮೇಲಿನ ಅಗುಳಿಯನ್ನೂ ಹಾಕಿಕೊಳ್ಳಿ. ಬಾವಿಯ ವಿಷಯದಲ್ಲಿ ಇದನ್ನು ಅತಿಯಾಯಿತು ಎಂದುಕೊಳ್ಳುವವರಿಗೆ ನಾನು ಹೇಳುವುದಿಷ್ಟೆ, ಈ ಮಾತ್ರೆ ಇರಲಿ ಇಲ್ಲದಿರಲಿ ಆ ಬಲೆ ಅಲ್ಲಿ ಇರಬೇಕಾದದ್ದೇ.

ಮರುದಿನ ಬೆಳಗಿನ ಬಗ್ಗೆ. ತಾಯಿಯವರು ವಾಹನ ಓಡಿಸುವುದಿಲ್ಲವಾದರೂ ಇದನ್ನು ಓದುವ ಬೇರೆಯವರು ಓಡಿಸುತ್ತಾರೆ. 2013ರಲ್ಲಿ ಅಮೆರಿಕದ ಅದೇ ಔಷಧ ನಿಯಂತ್ರಣ ಸಂಸ್ಥೆಯು ಮಹಿಳೆಯರಿಗೆ ಈ ಮಾತ್ರೆಯ ಆರಂಭದ ಪ್ರಮಾಣವನ್ನು 10ರಿಂದ 5 ಮಿ.ಗ್ರಾಂಗೆ ಇಳಿಸಿತು. ಮಹಿಳೆಯರ ದೇಹದಿಂದ ಔಷಧ ಹೊರಹೋಗುವುದು ನಿಧಾನವಾದ್ದರಿಂದ ಬೆಳಿಗ್ಗೆ ಗಾಡಿ ಓಡಿಸುವ ಹೊತ್ತಿಗೂ ರಕ್ತದಲ್ಲಿ ಅಪಾಯಕರ ಪ್ರಮಾಣ ಉಳಿಯುತ್ತಿತ್ತು ಎಂಬುದೇ ಇದಕ್ಕೆ ಕಾರಣ. "ನನಗೆ ನಿದ್ರೆ ಬರುತ್ತಿಲ್ಲ, ಚುರುಕಾಗಿದ್ದೇನೆ" ಎಂಬ ಭಾವನೆಯನ್ನು ಇಲ್ಲಿ ನಂಬಲು ಬರುವುದಿಲ್ಲ, ಏಕೆಂದರೆ ಕೈಕಾಲಿನ ಚುರುಕು ತಗ್ಗಿರುವುದು ಆ ವ್ಯಕ್ತಿಗೆ ತಿಳಿಯದೆ ಇರಬಹುದು. ನುಂಗಿ ಪೂರ್ತಿ ಎಂಟು ಗಂಟೆಯಾದ ಮೇಲೆ, ತಲೆ ಸ್ವಚ್ಛವಾಗಿದ್ದರೆ ಮಾತ್ರ ಸ್ಕೂಟರು, ಕಾರು. ನಿಧಾನವಾಗಿ ಬಿಡುಗಡೆಯಾಗುವ, ಹೆಸರಿನ ಮುಂದೆ ಸಿ.ಆರ್. ಎಂದಿರುವ ಮಾತ್ರೆಯಾಗಿದ್ದರೆ ಮರುದಿನ ವಾಹನ ಓಡಿಸುವುದೇ ಬೇಡ. ಆ ಬಗೆಯ ಮಾತ್ರೆಯನ್ನು ಮುರಿಯಬಾರದು, ಪುಡಿ ಮಾಡಬಾರದು, ಕಚ್ಚಬಾರದು, ಇಡಿಯಾಗಿ ನುಂಗಬೇಕು. ಮುರಿದರೆ ರಾತ್ರಿಯುದ್ದಕ್ಕೂ ಬರಬೇಕಾದ ಔಷಧ ಒಮ್ಮೆಲೇ ಬರುತ್ತದೆ. ತಾಯಿಯವರ ಸ್ಟ್ರಿಪ್ ಯಾವುದು ಎಂದು ಇಂದೇ ನೋಡಿ. ಮೆಡಿಕಲ್‌ನಲ್ಲಿ 5ರ ಬದಲು 10 ಇದೆ, ಅರ್ಧ ಮಾಡಿ ಕೊಡಿ ಎಂದರೆ ಅದು ಸಾದಾ ಮಾತ್ರೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳದೆ ತರಬೇಡಿ.

ಎರಡು ವಾರ ಎಂದು ಡಾಕ್ಟರು ಬರೆದದ್ದಕ್ಕೂ ಅರ್ಥವಿದೆ. ಪ್ರತಿ ರಾತ್ರಿ ತೆಗೆದುಕೊಳ್ಳುತ್ತ ಹೋದರೆ ಕೆಲವು ವಾರಗಳಲ್ಲಿ ಅದೇ ಪ್ರಮಾಣ ಸಾಲದೆ ಬರುತ್ತದೆ, ಬಿಟ್ಟರೆ ನಿದ್ರೆ ಬಾರದ ಸ್ಥಿತಿಯೂ ಬರುತ್ತದೆ. ನಾಲ್ಕು ವಾರಕ್ಕಿಂತ ಮುಂದೆ ಹೋಗದಿರುವುದು ಒಳ್ಳೆಯ ಕ್ರಮ. ಎರಡು ವಾರ ಮುಗಿದು ಮಾತ್ರೆ ನಿಂತ ಮೇಲೆ ಮೊದಲ ಒಂದೆರಡು ರಾತ್ರಿ ನಿದ್ರೆ ಮೊದಲಿಗಿಂತ ಕೆಟ್ಟದಾಗಿರಬಹುದು. ಇದನ್ನು ಮುಂಚೆಯೇ ತಾಯಿಯವರಿಗೆ ಹೇಳಿಡಿ. ಹೇಳದಿದ್ದರೆ "ನನಗೆ ಮಾತ್ರೆ ಇಲ್ಲದೆ ಆಗುವುದೇ ಇಲ್ಲ" ಎಂದು ಅವರು ತೀರ್ಮಾನಿಸಿಬಿಡುತ್ತಾರೆ, ಹೆಚ್ಚಿನವರ ತಿಂಗಳುಗಟ್ಟಲೆಯ ಅಭ್ಯಾಸ ಶುರುವಾಗುವುದು ಆ ಎರಡು ರಾತ್ರಿಗಳಲ್ಲೇ. ಅದು ಮಾತ್ರೆ ಬಿಟ್ಟದ್ದರ ಪರಿಣಾಮ, ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಈಗಾಗಲೇ ತಿಂಗಳುಗಳಿಂದ ತೆಗೆದುಕೊಳ್ಳುತ್ತಿರುವವರ ಮಾತು ಬೇರೆ. ಅವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಆತಂಕ, ಹೆಚ್ಚು ಪ್ರಮಾಣ ತೆಗೆದುಕೊಳ್ಳುತ್ತಿದ್ದವರಿಗೆ ಫಿಟ್ಸ್ ಕೂಡ ಬರಬಹುದಾದ್ದರಿಂದ ಡಾಕ್ಟರ ಕೈಕೆಳಗೆ ವಾರಗಳ ಅವಧಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು.

ಸ್ಟ್ರಿಪ್ ಮೇಲೆ ಕೆಂಪು ಚೌಕಟ್ಟಿನೊಳಗೆ ಎಚ್ಚರಿಕೆ ಬರೆದಿರುವುದನ್ನು ನೋಡಿರುತ್ತೀರಿ. ಜೋಲ್ಪಿಡೆಮ್ ಎಚ್1 ಅನುಸೂಚಿಗೆ ಸೇರಿದ ಔಷಧ. ಚೀಟಿಯಿಲ್ಲದೆ ಅದನ್ನು ಮಾರುವಂತಿಲ್ಲ, ಕೊಂಡವರ ಮತ್ತು ಬರೆದ ಡಾಕ್ಟರ ಹೆಸರನ್ನು ಅಂಗಡಿಯವರು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಚೀಟಿ ಕೇಳಿದ ಅಂಗಡಿಯವರ ಮೇಲೆ ಸಿಟ್ಟಾಗಬೇಡಿ, ಕೇಳದವರ ಹತ್ತಿರ ಹೋಗಬೇಡಿ. ಪಕ್ಕದ ಮನೆಯವರು ಚೆನ್ನಾಗಿ ನಿದ್ರೆ ಬರುತ್ತದೆ ಎಂದು ಎರಡು ಕೇಳಿದರೆ ಕೊಡಬೇಡಿ. ಉಳಿದ ಮಾತ್ರೆಗಳನ್ನು ಮಕ್ಕಳಿಗೆ ಎಟುಕದ ಕಡೆ ಇಡಿ. ದಿನಕ್ಕೊಂದರಂತೆ ನೀವೇ ತೆಗೆದು ಕೊಡುವುದು ಒಳ್ಳೆಯದು, ಏಕೆಂದರೆ ಮಂಪರಿನಲ್ಲಿ ತಾವು ನುಂಗಿದ್ದನ್ನೇ ಮರೆತು ಇನ್ನೊಂದು ನುಂಗುವವರಿದ್ದಾರೆ. ಮನಸ್ಸು ಕುಗ್ಗಿ, ಬದುಕು ಸಾಕು ಎಂಬ ಮಾತು ಅವರ ಬಾಯಿಂದ ಬಂದರೆ ಸ್ಟ್ರಿಪ್ಪನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಅದೇ ದಿನ ಡಾಕ್ಟರನ್ನು ಕಾಣಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೂ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಬೇಗ ಎಚ್ಚರವಾಗಿ ಮತ್ತೆ ನಿದ್ರೆ ಬಾರದಿರುವುದು ಖಿನ್ನತೆಯ ಲಕ್ಷಣವೂ ಆಗಿರಬಹುದು, ಅದಕ್ಕೆ ಬೇರೆಯೇ ಚಿಕಿತ್ಸೆ ಬೇಕು.

ಹೇಳಿದ್ದಕ್ಕಿಂತ ಹೆಚ್ಚು ಮಾತ್ರೆ ನುಂಗಿದ್ದಾರೆಂದು ಗೊತ್ತಾದರೆ, ಕರೆದರೆ ಅಲುಗಾಡಿಸಿದರೆ ಎಚ್ಚರವಾಗದಿದ್ದರೆ, ಉಸಿರು ತೀರಾ ನಿಧಾನವಾಗಿದ್ದರೆ, ತುಟಿ ನೀಲಿಗಟ್ಟಿದ್ದರೆ, ಮುಖ ಅಥವಾ ನಾಲಿಗೆ ಊದಿಕೊಂಡರೆ 108ಕ್ಕೆ ಕರೆ ಮಾಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಮಂಪರಿನಲ್ಲಿರುವವರಿಗೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಉಸಿರಾಡುತ್ತಿದ್ದರೆ ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಸ್ಟ್ರಿಪ್ಪನ್ನು ಆಸ್ಪತ್ರೆಗೆ ಜೊತೆಗೆ ಒಯ್ಯಿರಿ. ಬಿದ್ದು ತಲೆಗೆ ಪೆಟ್ಟಾದರೆ, ಮುಖ್ಯವಾಗಿ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಾದರೆ, ಬೆಳಗಿನವರೆಗೆ ಕಾಯಬೇಡಿ.

ಈ ರಾತ್ರಿಯಿಂದಲೇ ಮಾತ್ರೆಯನ್ನು ಹತ್ತೂಕಾಲಿಗೆ, ಹಾಸಿಗೆಯಲ್ಲಿ ಕುಳಿತ ಮೇಲೆ ಕೊಟ್ಟು ನೋಡಿ. ಐದಾರು ದಿನ ಒಂದು ಕಾಗದದ ಮೇಲೆ ಊಟದ ಹೊತ್ತು, ಮಾತ್ರೆಯ ಹೊತ್ತು, ಎಚ್ಚರವಾದ ಹೊತ್ತು, ಮಧ್ಯಾಹ್ನ ಮಲಗಿದ್ದರೆ ಎಷ್ಟು ಹೊತ್ತು ಎಂಬ ನಾಲ್ಕನ್ನು ಬರೆದಿಡಿ. ಮಧ್ಯಾಹ್ನ ಒಂದೂವರೆ ಗಂಟೆ ಮಲಗಿದವರಿಗೆ ಎರಡು ಗಂಟೆ ರಾತ್ರಿಯಲ್ಲಿ ಎಚ್ಚರವಾಗುವುದನ್ನು ಯಾವ ಮಾತ್ರೆಯಿಂದಲೂ ಪೂರ್ತಿ ತಡೆಯಲಾಗುವುದಿಲ್ಲ. ಹೊತ್ತು ಬದಲಿಸಿದ ಮೇಲೂ ವಾರದಲ್ಲಿ ಮೂರು ರಾತ್ರಿಗಿಂತ ಹೆಚ್ಚು ಎರಡು ಗಂಟೆಗೇ ಎಚ್ಚರವಾಗುತ್ತಿದ್ದರೆ ಎರಡು ವಾರ ಮುಗಿಯುವವರೆಗೆ ಕಾಯದೆ ಆ ಕಾಗದವನ್ನೂ ಔಷಧದ ಚೀಲವನ್ನೂ ಹಿಡಿದುಕೊಂಡು ಬರೆದುಕೊಟ್ಟ ಡಾಕ್ಟರ ಬಳಿಗೇ ಹೋಗಿ.